ಫ್ರೇಮ್ ಜನರೇಷನ್: ಎಫ್‌ಪಿಎಸ್ ಏರಿದರೂ ಮೌಸ್ ಏಕೆ ಭಾರವಾಗುತ್ತದೆ, ಸರಿಯಾಗಿ ಹೊಂದಿಸುವುದು ಹೇಗೆ

ಗೇಮಿನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಜನರೇಷನ್ ಆನ್ ಮಾಡಿದ ಕೂಡಲೇ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ತೋರಿಸುವ ಎಫ್‌ಪಿಎಸ್ ಅಂಕಿ 60ರಿಂದ 100ರ ಆಸುಪಾಸಿಗೆ ಏರುತ್ತದೆ. ಕ್ಯಾಮೆರಾ ತಿರುಗಿಸಿದರೆ ದೃಶ್ಯ ನುಣುಪಾಗಿ ಸರಿಯುತ್ತದೆ. ಆದರೆ ಗುರಿ ಹಿಡಿಯಲು ಹೋದರೆ ಮೌಸ್ ಮೊದಲಿಗಿಂತ ತುಸು ಭಾರವಾದಂತೆ, ಕೈ ಮುಂದೆ ಹೋಗಿ ಚಿತ್ರ ಹಿಂದೆ ಉಳಿದಂತೆ ಅನಿಸುತ್ತದೆ. ಇದು ಬರೀ ಭ್ರಮೆಯಲ್ಲ, ಡ್ರೈವರಿನ ದೋಷವೂ ಅಲ್ಲ. ಈ ತಂತ್ರ ಕೆಲಸ ಮಾಡುವ ಕ್ರಮದಲ್ಲೇ ಆ ವಿಳಂಬ ಅಡಗಿದೆ. ಅದು ಎಷ್ಟು ಎಂದು ಲೆಕ್ಕ ಹಾಕಬಹುದು, ಅಳೆಯಬಹುದು, ಬಹಳಷ್ಟು ಸಲ ತಗ್ಗಿಸಲೂಬಹುದು. ಪೂರ್ತಿ ಇಲ್ಲವಾಗಿಸಲು ಮಾತ್ರ ಆಗದು.

ಇಲ್ಲಿ ಮುಖ್ಯವಾಗಿ ನೋಡುವುದು ಪಿಸಿಯಲ್ಲಿ ಎರಡುಪಟ್ಟು, ಅಂದರೆ 2x ಫ್ರೇಮ್ ಜನರೇಷನ್. ಎನ್‌ವಿಡಿಯಾ 2022ರಲ್ಲಿ ಡಿಎಲ್‌ಎಸ್‌ಎಸ್ 3ರ ಜೊತೆ ಇದನ್ನು ಆರ್‌ಟಿಎಕ್ಸ್ 40 ಸರಣಿಗೆ ತಂದಿತು. ಎಎಂಡಿಯ ಎಫ್‌ಎಸ್‌ಆರ್ 3 ಮರುವರ್ಷ ಬಂತು, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ 2 ಅದರ ನಂತರ. ಹೆಸರು ಬೇರೆಯಾದರೂ ಒಳಗಿನ ತತ್ವ ಒಂದೇ, ಆದ್ದರಿಂದ ಮುಂದಿನ ಲೆಕ್ಕ ಮೂರಕ್ಕೂ ಅನ್ವಯಿಸುತ್ತದೆ.

ಒಳಗೆ ನಡೆಯುವುದೇನು

ಗೇಮ್ ಎಂಜಿನ್ ನಿಮ್ಮ ಮೌಸ್ ಮತ್ತು ಕೀಲಿಗಳನ್ನು ಓದಿ, ಪಾತ್ರಗಳನ್ನು ಸರಿಸಿ, ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿ ಬರೆಯಿಸುವ ಫ್ರೇಮನ್ನು ನಿಜ ಫ್ರೇಮ್ ಎನ್ನೋಣ. ಫ್ರೇಮ್ ಜನರೇಷನ್ ಇಂಥ ಎರಡು ನಿಜ ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಯಾವ ಬಿಂದು ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ನೋಡಿ, ನಡುವಿನ ಒಂದು ಚಿತ್ರವನ್ನು ಊಹಿಸಿ ಬರೆಯುತ್ತದೆ. ಗೇಮಿನೊಳಗೇ ಅಳವಡಿಸಿದ ವಿಧಾನಗಳಿಗೆ ಎಂಜಿನ್ ತಾನೇ ಚಲನೆಯ ಮಾಹಿತಿ ಮತ್ತು ಆಳದ ಮಾಹಿತಿಯನ್ನು ಕೊಡುತ್ತದೆ. ಡ್ರೈವರ್ ಮಟ್ಟದಲ್ಲಿ ಅಥವಾ ಹೊರಗಿನ ತಂತ್ರಾಂಶದಿಂದ ಮಾಡುವ ಜನರೇಷನ್‌ಗೆ ಆ ಮಾಹಿತಿ ಸಿಗುವುದಿಲ್ಲ, ಸಿದ್ಧ ಚಿತ್ರಗಳನ್ನು ನೋಡಿಯೇ ಊಹಿಸಬೇಕು.

ಹುಟ್ಟಿಸಿದ ಈ ಫ್ರೇಮಿನ ಹಿಂದೆ ಗೇಮ್ ಓಡಿರುವುದಿಲ್ಲ. ಅದಕ್ಕಾಗಿ ಎಂಜಿನ್ ಮೌಸನ್ನು ಓದಿಲ್ಲ, ಶತ್ರು ಹೆಜ್ಜೆ ಇಟ್ಟಿಲ್ಲ. ಹಾಗಾಗಿ ಪರದೆಯಲ್ಲಿ 120 ಎಫ್‌ಪಿಎಸ್ ಕಂಡರೂ ಗೇಮ್ ನಿಮ್ಮ ಕೈಗೆ ಉತ್ತರ ಕೊಡುವುದು ಸೆಕೆಂಡಿಗೆ 60 ಸಲ ಮಾತ್ರ. ಕಣ್ಣಿಗೆ ಲಾಭ, ಕೈಗೆ ಲಾಭವಿಲ್ಲ.

ಕೈಗೆ ನಷ್ಟ ಆಗುವುದು ಎರಡು ಕಾರಣಕ್ಕೆ. ನಡುವಿನ ಚಿತ್ರ ಬರೆಯಬೇಕಾದರೆ ಎರಡೂ ಕೊನೆಗಳು ಕೈಯಲ್ಲಿರಬೇಕು. ಹೊಸ ನಿಜ ಫ್ರೇಮ್ ಸಿದ್ಧವಾದರೂ ಅದನ್ನು ತಕ್ಷಣ ತೋರಿಸುವಂತಿಲ್ಲ. ಮೊದಲು ನಡುವಿನ ಚಿತ್ರ ತೋರಿಸಿ, ನಿಜ ಫ್ರೇಮ್ ಅವಧಿಯ ಅರ್ಧದಷ್ಟು ಕಾಲ ಕಾದು, ಆಮೇಲೆ ಅದನ್ನು ಪರದೆಗೆ ಬಿಡಬೇಕು. ಟಿವಿಗಳ ಮೋಷನ್ ಸ್ಮೂತಿಂಗ್ ಕೂಡ ಇದೇ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಸಿನಿಮಾ ನೋಡುವವರ ಕೈಯಲ್ಲಿ ಮೌಸ್ ಇಲ್ಲದ್ದರಿಂದ ಆ ವಿಳಂಬ ಯಾರ ಗಮನಕ್ಕೂ ಬರಲಿಲ್ಲ, ಅಷ್ಟೇ.

ಎರಡನೆಯ ಕಾರಣವನ್ನು ಹಲವರು ಗಮನಿಸುವುದಿಲ್ಲ. ನಡುವಿನ ಚಿತ್ರ ಬರೆಯುವುದು ಪುಕ್ಕಟೆ ಕೆಲಸವಲ್ಲ. ಅದಕ್ಕೂ ಗ್ರಾಫಿಕ್ಸ್ ಕಾರ್ಡಿನ ಸಮಯ ಬೇಕು. ಕಾರ್ಡ್ ಆಗಲೇ ಪೂರ್ತಿ ದುಡಿಯುತ್ತಿದ್ದರೆ ಆ ಸಮಯ ನಿಜ ಫ್ರೇಮ್‌ಗಳ ಪಾಲಿನಿಂದಲೇ ಕಡಿತವಾಗುತ್ತದೆ. 60 ಇದ್ದದ್ದು ಸರಿಯಾಗಿ 120 ಆಗದೆ 100ರ ಹತ್ತಿರ ನಿಲ್ಲುವುದು ಇದೇ ಕಾರಣಕ್ಕೆ. 100 ಎಂದರೆ ಈಗ ನಿಜ ಫ್ರೇಮ್ 50 ಮಾತ್ರ.

ಒಂದು ಲೆಕ್ಕ

ಜನರೇಷನ್ ಇಲ್ಲದೆ 60 ಎಫ್‌ಪಿಎಸ್ ಕೊಡುವ, ಕಾರ್ಡ್ ಪೂರ್ತಿ ಬಳಕೆಯಲ್ಲಿರುವ ಒಂದು ಗೇಮ್ ಎಂದುಕೊಳ್ಳಿ. ಪ್ರತಿ ಫ್ರೇಮಿಗೆ ಸಿಪಿಯು 8 ಮಿಲಿಸೆಕೆಂಡ್, ಕಾರ್ಡ್ 16.7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ನಡುಫ್ರೇಮ್ ಬರೆಯಲು 3 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಈ 3 ಉದಾಹರಣೆಗಾಗಿ ಹಿಡಿದ ಅಂಕಿ. ನಿಜವಾದ ಬೆಲೆ ಕಾರ್ಡ್ ಮತ್ತು ರೆಸಲ್ಯೂಷನ್‌ಗೆ ತಕ್ಕಂತೆ ಬದಲಾಗುತ್ತದೆ, 4ಕೆಯಲ್ಲಿ ಹೆಚ್ಚು.

ಜನರೇಷನ್ ಆಫ್, ವಿಳಂಬ ತಗ್ಗಿಸುವ ಎನ್‌ವಿಡಿಯಾದ ರಿಫ್ಲೆಕ್ಸ್ ಆಯ್ಕೆ ಆನ್ ಇದ್ದಾಗ ಮೌಸ್ ಓದಿದ ಕ್ಷಣದಿಂದ ಫ್ರೇಮ್ ಸಿದ್ಧವಾಗುವವರೆಗೆ 8 ಮತ್ತು 16.7, ಒಟ್ಟು ಸುಮಾರು 25 ಮಿಲಿಸೆಕೆಂಡ್. ಮಾನಿಟರ್ ಮತ್ತು ಮೌಸ್‌ಗಳ ಸ್ವಂತ ವಿಳಂಬವನ್ನು ಇಲ್ಲಿ ಸೇರಿಸಿಲ್ಲ, ಅದು ಎರಡೂ ಸ್ಥಿತಿಯಲ್ಲಿ ಇದ್ದೇ ಇರುತ್ತದೆ.

ಜನರೇಷನ್ ಆನ್ ಮಾಡಿದರೆ ಕಾರ್ಡಿನ ಪಾಲು 19.7 ಆಗುತ್ತದೆ. ನಿಜ ಫ್ರೇಮ್ ಸುಮಾರು 51ಕ್ಕೆ ಇಳಿದು, ಪರದೆಯಲ್ಲಿ 102 ಕಾಣುತ್ತದೆ. ಅದರ ಮೇಲೆ ಅರ್ಧ ಫ್ರೇಮಿನ ಕಾಯುವಿಕೆ, ಸುಮಾರು 9.9 ಮಿಲಿಸೆಕೆಂಡ್. ಮೂರನ್ನೂ ಕೂಡಿದರೆ ಸುಮಾರು 38. ಅಂದರೆ ಅಂಕಿ 60ರಿಂದ 102ಕ್ಕೆ ಏರಿತು, ವಿಳಂಬ 25ರಿಂದ 38ಕ್ಕೆ ಏರಿತು. ಈ 13 ಮಿಲಿಸೆಕೆಂಡನ್ನು ಕಂಟ್ರೋಲರ್ ಹಿಡಿದು ಆಡುವವರು ಗಮನಿಸದೇ ಇರಬಹುದು. ಮೌಸ್‌ನಲ್ಲಿ ಗುರಿ ಹಿಡಿಯುವವರಿಗೆ ತಿಳಿಯುತ್ತದೆ.

ಇದೇ ಲೆಕ್ಕವನ್ನು 30 ಎಫ್‌ಪಿಎಸ್‌ನಿಂದ ಶುರುಮಾಡಿ ನೋಡಿ. ಜನರೇಷನ್ ಇಲ್ಲದಾಗ 41 ಇದ್ದ ವಿಳಂಬ, ಆನ್ ಮಾಡಿದ ಮೇಲೆ 62 ದಾಟುತ್ತದೆ. ಪರದೆಯಲ್ಲಿ 55 ಎಫ್‌ಪಿಎಸ್ ಕಂಡರೂ ಕೈಗೆ ಸಿಗುವ ಅನುಭವ 30ಕ್ಕಿಂತಲೂ ಕೆಟ್ಟದ್ದು. 90ರಿಂದ ಶುರುಮಾಡಿದರೆ 19 ಇದ್ದದ್ದು 29 ಆಗುತ್ತದೆ, ಅದು ಆಗಲೂ ಮೊದಲ ಉದಾಹರಣೆಯ 38ಕ್ಕಿಂತ ಎಷ್ಟೋ ಹಗುರ. ಆರಂಭದ ಫ್ರೇಮ್ ರೇಟ್ ಕಡಿಮೆಯಾದಷ್ಟೂ ಕಾಯುವ ಅವಧಿ ಉದ್ದವಾಗುವುದರಿಂದ ಹೀಗಾಗುತ್ತದೆ. ಫ್ರೇಮ್ ಜನರೇಷನ್ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಅದು ಅತಿ ಕಡಿಮೆ ಹೊಂದುತ್ತದೆ ಎಂಬುದು ಬೇಸರದ ಸಂಗತಿ, ಆದರೆ ಗಣಿತ ಹಾಗಿದೆ.

ಇನ್ನೊಂದು ಕಡೆಯೂ ನೋಡಬೇಕು. ಸಿಪಿಯು ನಿಧಾನವಾಗಿದ್ದು, ಕಾರ್ಡ್ ಅರ್ಧ ಖಾಲಿ ಕೂತಿರುವ ಗೇಮ್‌ಗಳಲ್ಲಿ ನಡುಫ್ರೇಮ್ ಬರೆಯಲು ಆ ಖಾಲಿ ಸಮಯವೇ ಸಾಕು. ಅಲ್ಲಿ 60 ಹೆಚ್ಚುಕಡಿಮೆ 120 ಆಗುತ್ತದೆ, ನಿಜ ಫ್ರೇಮ್ ಇಳಿಯುವುದಿಲ್ಲ, ಸೇರುವುದು ಅರ್ಧ ಫ್ರೇಮಿನ ಕಾಯುವಿಕೆ ಮತ್ತು ನಡುಫ್ರೇಮ್ ಬರೆಯುವ ಸಮಯ ಮಾತ್ರ. ಜನಜಂಗುಳಿಯ ನಗರಗಳು, ದೊಡ್ಡ ಸಿಮ್ಯುಲೇಷನ್‌ಗಳು ಇಂಥವು. ಈ ತಂತ್ರಕ್ಕೆ ಅತ್ಯುತ್ತಮ ಜಾಗ ಇದೇ ಎನ್ನಬಹುದು. ಅಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ಸ್ ಇಳಿಸಿದರೂ ಫ್ರೇಮ್ ರೇಟ್ ಹೆಚ್ಚು ಏರುವುದಿಲ್ಲ, ಬೇರೆ ದಾರಿ ಹೆಚ್ಚಿಲ್ಲ.

ಹೆಜ್ಜೆ 1: ಆಫ್ ಇಟ್ಟು ಅಳೆಯಿರಿ

ಗೇಮಿನಲ್ಲಿ ನಿಮ್ಮ ಕಾರ್ಡಿಗೆ ಅತಿ ಕಷ್ಟವಾಗುವ ಒಂದು ಜಾಗ ಆರಿಸಿಕೊಳ್ಳಿ. ಮೆನು ಅಥವಾ ಖಾಲಿ ಕೋಣೆಯಲ್ಲಿ ಅಳೆದರೆ ಪ್ರಯೋಜನವಿಲ್ಲ. ಫ್ರೇಮ್ ಜನರೇಷನ್ ಮತ್ತು ವಿ-ಸಿಂಕ್ ಆಫ್ ಮಾಡಿ, ಎಫ್‌ಪಿಎಸ್ ಮಿತಿ ಇದ್ದರೆ ತೆಗೆಯಿರಿ. ರಿಫ್ಲೆಕ್ಸ್ ಆನ್ ಇಡಿ. ಎಎಂಡಿ ಕಾರ್ಡ್ ಆಗಿದ್ದರೆ ಆಂಟಿ-ಲ್ಯಾಗ್, ಇಂಟೆಲ್ ಆಗಿದ್ದರೆ ಗೇಮ್ ಕೊಡುವ ಎಕ್ಸ್‌ಇಎಲ್‌ಎಲ್.

ರಿಫ್ಲೆಕ್ಸ್ ಆನ್ ಇಟ್ಟೇ ಅಳೆಯಬೇಕು ಎನ್ನಲು ಕಾರಣವಿದೆ. ಕಾರ್ಡ್ ಪೂರ್ತಿ ದುಡಿಯುವಾಗ ಸಿಪಿಯು ಮುಂದೆ ಓಡಿ ಒಂದೆರಡು ಫ್ರೇಮ್‌ಗಳ ಕೆಲಸವನ್ನು ಸಾಲಿನಲ್ಲಿ ನಿಲ್ಲಿಸಿರುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಲಿನಲ್ಲಿ ಒಂದೇ ಫ್ರೇಮ್ ಇದ್ದರೂ 25 ಇದ್ದದ್ದು 42ರ ಹತ್ತಿರ ಹೋಗುತ್ತದೆ. ರಿಫ್ಲೆಕ್ಸ್ ಆ ಸಾಲನ್ನು ಕರಗಿಸುತ್ತದೆ. ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಆನ್ ಆದಾಗ ರಿಫ್ಲೆಕ್ಸ್ ಕೂಡ ತಾನಾಗಿ ಆನ್ ಆಗುತ್ತದೆ. ಹಾಗಾಗಿ ರಿಫ್ಲೆಕ್ಸ್ ಇಲ್ಲದ 42ನ್ನೂ ಜನರೇಷನ್ ಇರುವ 38ನ್ನೂ ಪಕ್ಕದಲ್ಲಿಟ್ಟು, ನೋಡಿ ವಿಳಂಬವೇ ಇಲ್ಲ, ಕಡಿಮೆಯೇ ಆಯಿತು ಎಂದು ತೋರಿಸಲು ಸುಲಭ. ಅದು ನ್ಯಾಯದ ಹೋಲಿಕೆಯಲ್ಲ. 25ರ ಪಕ್ಕದಲ್ಲಿ 38 ಇಡಬೇಕು.

ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ವಿಡಿಯಾ ಆ್ಯಪ್ ಹಾಕಿಕೊಂಡು, ಗೇಮಿನೊಳಗೆ `Alt+R` ಒತ್ತಿ. ಕಾಣುವ ಪಟ್ಟಿಯಲ್ಲಿ `PC Latency` ಎಂಬ ಸಾಲನ್ನು ನೋಡಿ, ಅದು ಇಲ್ಲದಿದ್ದರೆ `Alt+Z` ಒತ್ತಿ `Statistics` ಭಾಗದಲ್ಲಿ ಆರಿಸಿಕೊಳ್ಳಿ. ಎಫ್‌ಪಿಎಸ್, ಈ ಲೇಟೆನ್ಸಿ, ಕಾರ್ಡಿನ ಬಳಕೆಯ ಶೇಕಡಾವಾರು, ಮೂರನ್ನೂ ಬರೆದಿಟ್ಟುಕೊಳ್ಳಿ. ಸ್ಟೀಮ್‌ನ ಪರ್ಫಾರ್ಮೆನ್ಸ್ ಮಾನಿಟರ್ ಕೂಡ ಒಳ್ಳೆಯದು, ಅದು ನಿಜ ಫ್ರೇಮ್‌ಗಳನ್ನೂ ಹುಟ್ಟಿಸಿದ್ದನ್ನೂ ಸೇರಿಸಿ ಒಂದೇ ಅಂಕಿ ತೋರಿಸದೆ, ಬೇರೆಬೇರೆಯಾಗಿ ತೋರಿಸುತ್ತದೆ.

ಹೆಜ್ಜೆ 2: ಬೇಸ್ 60ಕ್ಕೆ ತನ್ನಿ

ಅಳೆದಾಗ 60ಕ್ಕಿಂತ ಕಡಿಮೆ ಬಂದರೆ ಜನರೇಷನ್ ಕಡೆ ಕೈ ಹಾಕುವ ಮೊದಲು ಬೇಸ್, ಅಂದರೆ ಸೆಕೆಂಡಿಗೆ ಬರುವ ನಿಜ ಫ್ರೇಮ್‌ಗಳ ಸಂಖ್ಯೆ ಏರಿಸಿ. ಕಾರ್ಡಿನ ಬಳಕೆ 95 ಶೇಕಡಾಕ್ಕಿಂತ ಹೆಚ್ಚಿದ್ದರೆ ಕೊರತೆ ಕಾರ್ಡಿನದು. ಅಪ್‌ಸ್ಕೇಲಿಂಗ್ ಅನ್ನು ಕ್ವಾಲಿಟಿಯಿಂದ ಬ್ಯಾಲೆನ್ಸ್ಡ್‌ಗೆ ಇಳಿಸಿ, ರೇ ಟ್ರೇಸಿಂಗ್ ಮತ್ತು ನೆರಳುಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ತಗ್ಗಿಸಿ. ಬಳಕೆ 70–80ರಲ್ಲೇ ನಿಂತು ಎಫ್‌ಪಿಎಸ್ ಏರದಿದ್ದರೆ ಕೊರತೆ ಸಿಪಿಯುವಿನದು. ಅಲ್ಲಿ ಅಪ್‌ಸ್ಕೇಲಿಂಗ್ ಕೆಲಸಕ್ಕೆ ಬರುವುದಿಲ್ಲ.

ಜನರೇಷನ್ ಆನ್ ಮಾಡಿದ ಮೇಲೆ ನಿಜ ಫ್ರೇಮ್ ಇನ್ನಷ್ಟು ಇಳಿಯುತ್ತದೆ ಎಂಬುದನ್ನು ನೆನಪಿಟ್ಟು, ಕಾರ್ಡಿನ ಮಿತಿಯಲ್ಲಿರುವ ಗೇಮ್‌ಗಳಲ್ಲಿ 70ರವರೆಗೆ ಏರಿಸಿದರೆ ಒಳ್ಳೆಯದು. ಮೌಸ್‌ನಲ್ಲಿ ಆಡುವ ಗೇಮಿಗೆ ಅದು ಕನಿಷ್ಠ ಎನ್ನುವುದೇ ಸರಿ. ಕಂಟ್ರೋಲರ್‌ನಲ್ಲಿ ನಿಧಾನ ಸಾಗುವ ಸಾಹಸದ ಗೇಮ್ ಆದರೆ 50ರಲ್ಲೂ ನಡೆಯುತ್ತದೆ.

ಹೆಜ್ಜೆ 3: ಆನ್ ಮಾಡಿ, ಎರಡರಿಂದ ಭಾಗಿಸಿ

ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಆಯ್ಕೆ ಮಸುಕಾಗಿದ್ದು ಒತ್ತಲು ಬಾರದಿದ್ದರೆ ಮೊದಲು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ `Graphics` ಪುಟಕ್ಕೆ ಹೋಗಿ `Hardware-accelerated GPU scheduling` ಆನ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕಾರ್ಡ್ ಆರ್‌ಟಿಎಕ್ಸ್ 40ಕ್ಕಿಂತ ಹಳೆಯದಾದರೆ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಸಿಗುವುದೇ ಇಲ್ಲ. ಗೇಮ್‌ನಲ್ಲಿ ಎಫ್‌ಎಸ್‌ಆರ್ ಫ್ರೇಮ್ ಜನರೇಷನ್ ಇದ್ದರೆ ಅದನ್ನು ಬಳಸಬಹುದು.

ಈಗ ಅದೇ ಜಾಗದಲ್ಲಿ ನಿಂತು ಮತ್ತೆ ಅಳೆಯಿರಿ. ಬಂದ ಎಫ್‌ಪಿಎಸ್ ಅನ್ನು ಎರಡರಿಂದ ಭಾಗಿಸಿ, ಅದೇ ನಿಮ್ಮ ಹೊಸ ಬೇಸ್. ಮೊದಲ ಹೆಜ್ಜೆಯಲ್ಲಿ 70 ಇದ್ದು ಈಗ ಪರದೆ 122 ತೋರಿಸಿದರೆ ಬೇಸ್ 61ಕ್ಕೆ ಇಳಿದಿದೆ, ಅದು ಸಹಜ. 70 ಇದ್ದದ್ದು 90 ಮಾತ್ರ ಆದರೆ ಬೇಸ್ 45ಕ್ಕೆ ಕುಸಿದಿದೆ. ಇಂಥ ಕುಸಿತಕ್ಕೆ ಸಾಮಾನ್ಯ ಕಾರಣ ಕಾರ್ಡಿನ ಮೆಮೊರಿ ತುಂಬಿರುವುದು. ಜನರೇಷನ್‌ಗೆ ನೂರಾರು ಮೆಗಾಬೈಟ್ ಹೆಚ್ಚುವರಿ ಮೆಮೊರಿ ಬೇಕು, 8 ಜಿಬಿ ಕಾರ್ಡಿನಲ್ಲಿ ಗೇಮ್ ಆಗಲೇ 7.5 ನುಂಗಿದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ. ಎಫ್‌ಪಿಎಸ್ ಇಳಿಯುವ ಜೊತೆಗೆ ಆಗಾಗ ಜಗ್ಗಿದಂತೆ ಆಗುವುದು ಇದರ ಗುರುತು. ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ಗೇಮನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಹೆಜ್ಜೆ 4: ಮಾನಿಟರಿನ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಡ್ರೈವರಿನಲ್ಲಿ ಹಾಕುವ ಎಫ್‌ಪಿಎಸ್ ಮಿತಿಯಾಗಲಿ, ವಿ-ಸಿಂಕ್ ಆಗಲಿ ಎಣಿಸುವುದು ಪರದೆಗೆ ಹೋಗುವ ಒಟ್ಟು ಫ್ರೇಮ್‌ಗಳನ್ನು, ನಿಜ ಫ್ರೇಮ್‌ಗಳನ್ನಲ್ಲ. 60 ಹರ್ಟ್ಸ್ ಮಾನಿಟರ್‌ನಲ್ಲಿ ವಿ-ಸಿಂಕ್ ಹಾಕಿ ಜನರೇಷನ್ ಆನ್ ಮಾಡಿದರೆ ಒಟ್ಟು 60ಕ್ಕೆ ನಿಲ್ಲುತ್ತದೆ, ನಿಜ ಫ್ರೇಮ್ 30ಕ್ಕೆ ಇಳಿಯುತ್ತದೆ. ಜನರೇಷನ್ ಇಲ್ಲದೆಯೇ ಚೆನ್ನಾಗಿ ಓಡುತ್ತಿದ್ದ ಗೇಮ್ ಜೇಡಿಮಣ್ಣಾಗುತ್ತದೆ. 60 ಹರ್ಟ್ಸ್ ಪರದೆ ಇರುವವರು ಈ ಆಯ್ಕೆಯನ್ನು ಮುಟ್ಟಬೇಕಿಲ್ಲ.

144 ಹರ್ಟ್ಸ್ ಪರದೆಯಲ್ಲಿಯೂ ಇದೇ ತರ್ಕ. ಪರದೆಯ ವೇಗವನ್ನು ಫ್ರೇಮ್‌ಗಳಿಗೆ ಹೊಂದಿಸುವ ಜಿ-ಸಿಂಕ್, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ವಿ-ಸಿಂಕ್ ಮತ್ತು ರಿಫ್ಲೆಕ್ಸ್ ಮೂರೂ ಆನ್ ಇದ್ದಾಗ ರಿಫ್ಲೆಕ್ಸ್ ತಾನೇ ಪರದೆಯ ವೇಗಕ್ಕಿಂತ ಸ್ವಲ್ಪ ಕೆಳಗೆ ಮಿತಿ ಹಾಕುತ್ತದೆ. ಆ ಮಿತಿ ಸುಮಾರು ಹೀಗೆ ಸಿಗುತ್ತದೆ:

```
ಮಿತಿ = ಹರ್ಟ್ಸ್ - (ಹರ್ಟ್ಸ್ × ಹರ್ಟ್ಸ್ ÷ 3600)
144 - (144 × 144 ÷ 3600) = 138
```

138ರ ಅರ್ಧ 69. ಅಂದರೆ 144 ಹರ್ಟ್ಸ್ ಪರದೆಯಲ್ಲಿ 2x ಬಳಸಿದರೆ ನಿಜ ಫ್ರೇಮ್ 69ಕ್ಕಿಂತ ಮೇಲೆ ಹೋಗಲಾರದು. ಜನರೇಷನ್ ಇಲ್ಲದೆ 65ರಿಂದ 90ರವರೆಗೆ ಬರುತ್ತಿದ್ದ ಗೇಮಿಗೆ ಇದು ಹೇಳಿ ಮಾಡಿಸಿದಂತೆ. 120 ಬರುತ್ತಿದ್ದ ಗೇಮಿಗೆ ಮಾತ್ರ ಶುದ್ಧ ನಷ್ಟ: ನೂರಿಪ್ಪತ್ತು ನಿಜ ಫ್ರೇಮ್ ಬಿಟ್ಟುಕೊಟ್ಟು 69 ನಿಜ, 69 ಊಹೆ ತೆಗೆದುಕೊಂಡಂತಾಗುತ್ತದೆ, ವಿಳಂಬವೂ ಏರುತ್ತದೆ.

ವೇಗ ಹೊಂದಿಸಿಕೊಳ್ಳುವ ಪರದೆ ಇಲ್ಲದೆ ಬರೀ ವಿ-ಸಿಂಕ್ ಹಾಕಿದರೆ, ಒಟ್ಟು ಎಫ್‌ಪಿಎಸ್ ಪರದೆಯ ವೇಗವನ್ನು ಮುಟ್ಟಿದಾಗ ಫ್ರೇಮ್‌ಗಳು ಸಾಲುಗಟ್ಟಿ ವಿಳಂಬ ಒಮ್ಮೆಲೇ ಜಿಗಿಯುತ್ತದೆ. ಶಾಂತ ಜಾಗದಲ್ಲಿ ಮೌಸ್ ಭಾರ, ಗದ್ದಲದ ಹೋರಾಟದಲ್ಲಿ ಹಗುರ ಎಂದು ತಲೆಕೆಳಗಾಗಿ ಅನಿಸಿದರೆ ಇದೇ ಕಾರಣ.

ಹೆಜ್ಜೆ 5: ಕೈಯಿಂದ ಪರೀಕ್ಷಿಸಿ

ಅಂಕಿಗಳು ಸರಿ ಬಂದ ಮೇಲೆ ಮೂರು ಚಲನೆ ಮಾಡಿ ನೋಡಿ. ಕ್ಯಾಮೆರಾವನ್ನು ನಿಧಾನವಾಗಿ ಒಂದೇ ವೇಗದಲ್ಲಿ ತಿರುಗಿಸಿ. ಒಟ್ಟು 120 ತೋರಿಸಿದರೂ ಚಲನೆ ಕುಂಟುತ್ತಿದ್ದರೆ ಫ್ರೇಮ್‌ಗಳು ಸಮ ಅಂತರದಲ್ಲಿ ಬರುತ್ತಿಲ್ಲ. ನಡುಫ್ರೇಮ್ ಸರಿಯಾಗಿ ಮಧ್ಯದಲ್ಲಿ ಬೀಳದೆ ನಿಜ ಫ್ರೇಮಿಗೆ ಅಂಟಿಕೊಂಡರೆ ಕಣ್ಣಿಗೆ 60ರಂತೆಯೇ ಕಾಣುತ್ತದೆ. ಹೊರಗಿನ ಓವರ್‌ಲೇ ಮತ್ತು ಎಫ್‌ಪಿಎಸ್ ಮಿತಿ ಹಾಕುವ ತಂತ್ರಾಂಶಗಳನ್ನು ಮುಚ್ಚಿ ಮತ್ತೆ ನೋಡಿ.

ಆಮೇಲೆ ಮೌಸನ್ನು ಝಟ್ಟನೆ ಎಡಬಲಕ್ಕೆ ಎಳೆಯಿರಿ. ಪಾತ್ರದ ಅಂಚಿನ ಸುತ್ತ ನೀರು ಅಲುಗಿದಂತೆ ಕಾಣುವುದು ಸಾಮಾನ್ಯ. ಪಾತ್ರ ಸರಿದಾಗ ಹಿಂದಿನಿಂದ ಹೊಸದಾಗಿ ಬಯಲಾಗುವ ಜಾಗ ಹಳೆಯ ಫ್ರೇಮಿನಲ್ಲಿ ಇರಲೇ ಇಲ್ಲ, ಅಲ್ಲಿ ಏನಿತ್ತೆಂದು ಊಹಿಸಬೇಕಾಗುತ್ತದೆ. ಬೇಸ್ ಹೆಚ್ಚಿದ್ದಷ್ಟೂ ಎರಡು ನಿಜ ಫ್ರೇಮ್‌ಗಳ ನಡುವೆ ಬದಲಾವಣೆ ಕಡಿಮೆ, ಊಹೆಯ ತಪ್ಪೂ ಕಡಿಮೆ. ಕೊನೆಗೆ ಪರದೆಯ ಅಂಕಿ, ಗುರಿಯ ಚುಕ್ಕೆ, ನಕ್ಷೆಗಳ ಅಂಚನ್ನು ಗಮನಿಸಿ. ಅವು ನಡುಗುತ್ತಿದ್ದರೆ ಜನರೇಷನ್ ಅವುಗಳನ್ನೂ ದೃಶ್ಯದ ಭಾಗವೆಂದು ತಿಳಿದು ಎಳೆಯುತ್ತಿದೆ. ಡ್ರೈವರ್ ಮಟ್ಟದ ಜನರೇಷನ್‌ನಲ್ಲಿ ಇದು ಹೆಚ್ಚು. ಗೇಮಿನೊಳಗಿನ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ. ಎರಡನ್ನೂ ಒಟ್ಟಿಗೆ ಮಾತ್ರ ಆನ್ ಮಾಡಬೇಡಿ, ಊಹೆಯ ಮೇಲೆ ಊಹೆ ಬಿದ್ದು ಕಾಯುವಿಕೆಯೂ ಎರಡು ಸಲ ಆಗುತ್ತದೆ.

3x, 4x ಬೇಕೇ?

ಆರ್‌ಟಿಎಕ್ಸ್ 50 ಸರಣಿಯ ಜೊತೆ 2025ರಲ್ಲಿ ಬಂದ ಮಲ್ಟಿ ಫ್ರೇಮ್ ಜನರೇಷನ್ ಎರಡು ನಿಜ ಫ್ರೇಮ್‌ಗಳ ನಡುವೆ 4xನಲ್ಲಿ ಮೂರು ಚಿತ್ರಗಳನ್ನು ತುಂಬುತ್ತದೆ. ಅರ್ಧ ಫ್ರೇಮಿನ ಬದಲು ಮುಕ್ಕಾಲು ಫ್ರೇಮ್ ಕಾಯಬೇಕಾಗುತ್ತದೆ. ಬೇಸ್ 56 ಇದ್ದರೆ 2xಗಿಂತ ಹೆಚ್ಚಾಗುವ ಕಾಯುವಿಕೆ ಸುಮಾರು 4.5 ಮಿಲಿಸೆಕೆಂಡ್ ಮಾತ್ರ, ಅದು ದೊಡ್ಡದಲ್ಲ. ದೊಡ್ಡ ಪ್ರಶ್ನೆ ಪರದೆಯದು. 240 ಹರ್ಟ್ಸ್‌ನಲ್ಲಿ ಮಿತಿ 224, ನಾಲ್ಕರಿಂದ ಭಾಗಿಸಿದರೆ 56, ಅದು ನಡೆಯುತ್ತದೆ. 144 ಹರ್ಟ್ಸ್‌ನಲ್ಲಿ 138ನ್ನು ನಾಲ್ಕರಿಂದ ಭಾಗಿಸಿದರೆ 34.5. ಅಲ್ಲಿ 4x ಹಾಕುವುದೆಂದರೆ ಕೈಯಾರೆ ಗೇಮನ್ನು 35 ಎಫ್‌ಪಿಎಸ್‌ಗೆ ಇಳಿಸಿದಂತೆ. ಸ್ಪರ್ಧಾತ್ಮಕ ಶೂಟರ್ ಗೇಮ್‌ಗಳಲ್ಲಿ ಪರದೆ ಎಷ್ಟೇ ವೇಗದ್ದಾಗಿರಲಿ, 2x, 3x, 4x ಮೂರನ್ನೂ ಆಫ್ ಇಟ್ಟು ರಿಫ್ಲೆಕ್ಸ್ ಮಾತ್ರ ಆನ್ ಇಡಿ.